ಮನೆಯಲ್ಲಿ ಟ್ಯೂಷನ್ ನಡೆಸಲು ಅನುಮತಿ ಕೋರಿ ಕಮಿಟಿಗೆ ಪತ್ರ

ಅಪಾರ್ಟ್‌ಮೆಂಟ್ ಕಮಿಟಿಯ ಅಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ಎಲ್ಲ ಸದಸ್ಯರಿಗೆ,

ವಿಷಯ: ಬಿ ಬ್ಲಾಕ್ 204ರಲ್ಲಿ ಸಂಜೆ ಹೊತ್ತು ಗಣಿತ ಟ್ಯೂಷನ್ ನಡೆಸಲು ಅನುಮತಿ

ನಮಸ್ಕಾರ.

ನಾನು ಬಿ ಬ್ಲಾಕ್ 204ರಲ್ಲಿ ಬಾಡಿಗೆಗೆ ಇದ್ದೇನೆ. ಮೊದಲು ಶಾಲೆಯಲ್ಲಿ ಗಣಿತ ಟೀಚರ್ ಆಗಿದ್ದೆ, ಈಗ ಮನೆಯಲ್ಲೇ ಇದ್ದೇನೆ. ನಮ್ಮ ಬ್ಲಾಕಿನ ಕೆಲವು ತಾಯಂದಿರು ಐದರಿಂದ ಏಳನೇ ಕ್ಲಾಸಿನ ಮಕ್ಕಳಿಗೆ ಗಣಿತ ಹೇಳಿಕೊಡಿ ಅಂತ ಕೇಳುತ್ತಿದ್ದಾರೆ. ಫೀಸ್ ತೆಗೆದುಕೊಂಡೇ ಮಾಡುತ್ತೇನೆ, ಅದನ್ನು ಮುಚ್ಚಿಡುವುದಿಲ್ಲ. ಹಾಗಾಗಿಯೇ ಸುಮ್ನೆ ಶುರು ಮಾಡಿಬಿಡದೆ ಮೊದಲು ನಿಮ್ಮನ್ನು ಕೇಳುತ್ತಿದ್ದೇನೆ.

ಸೋಮವಾರದಿಂದ ಶುಕ್ರವಾರ, ಸಂಜೆ 5ರಿಂದ 6:30. ಒಂದೇ ಬ್ಯಾಚ್, ಜಾಸ್ತಿ ಅಂದರೆ 8 ಮಕ್ಕಳು. ಆರು ಮಕ್ಕಳು ನಮ್ಮ ಅಪಾರ್ಟ್‌ಮೆಂಟಿನವರೇ, ಇಬ್ಬರು ಮಾತ್ರ ಹೊರಗಿನವರು. ಪರೀಕ್ಷೆ ಹತ್ತಿರ ಬಂತು ಅಂತ ಸಮಯವನ್ನಾಗಲಿ ಮಕ್ಕಳ ಸಂಖ್ಯೆಯನ್ನಾಗಲಿ ನಿಮ್ಮನ್ನು ಕೇಳದೆ ಹೆಚ್ಚಿಸುವುದಿಲ್ಲ. ಶನಿವಾರ, ಭಾನುವಾರ ಕ್ಲಾಸ್ ಇರುವುದಿಲ್ಲ.

ಮನೆಗಳನ್ನು ವಾಸಕ್ಕೆ ಮಾತ್ರ ಬಳಸಬೇಕು ಅಂತ ನಮ್ಮ ಬೈಲಾದಲ್ಲಿ ಇರುವುದು ನನಗೆ ಗೊತ್ತು. ಆ ನಿಯಮ ಇರಬೇಕಾದದ್ದೇ. ಆದರೆ ನಾನು ಮನೆಯನ್ನು ಕೋಚಿಂಗ್ ಸೆಂಟರ್ ಮಾಡಲು ಹೊರಟಿಲ್ಲ. ನಾವು ವಾಸ ಇರುವ ಮನೆಯ ಹಾಲಿನಲ್ಲೇ ಒಂದೂವರೆ ಗಂಟೆ ಪಾಠ, ಅಷ್ಟೇ. ಬಾಗಿಲಿಗೆ ಬೋರ್ಡ್ ಹಾಕುವುದಿಲ್ಲ, ಗೇಟಿನ ಹತ್ತಿರ ಜಾಹೀರಾತು ಅಂಟಿಸುವುದಿಲ್ಲ, ಬೇರೆ ಟೀಚರನ್ನೂ ಇಟ್ಟುಕೊಳ್ಳುವುದಿಲ್ಲ. ಮನೆ ಮಾಲೀಕರು ಒಪ್ಪಿದ್ದಾರೆ, ಅವರು ಬರೆದುಕೊಟ್ಟ ಪತ್ರದ ಪ್ರತಿ ಜೊತೆಗಿದೆ.

ಇನ್ನು ಸದ್ದಿನ ವಿಷಯ. ನಿಮ್ಮಲ್ಲಿ ಹೆಚ್ಚಿನವರಿಗೆ ಮೊದಲು ತಲೆಗೆ ಬರುವುದು ಇದೇ ಅಲ್ವಾ? ಎಂಟು ಮಕ್ಕಳು ಒಂದು ಕಡೆ ಸೇರಿದರೆ ಸದ್ದೇ ಇರುವುದಿಲ್ಲ ಅಂತ ನಾನು ಹೇಳಿದರೆ ನೀವು ನಂಬುವುದೂ ಇಲ್ಲ. ಪಾಠದ ಹೊತ್ತಿನಲ್ಲಿ ಮಕ್ಕಳು ಲೆಕ್ಕ ಮಾಡುತ್ತಾ ಕೂತಿರುತ್ತಾರೆ, ಗಲಾಟೆ ಆಗುವುದು ಬರುವಾಗ ಮತ್ತು ಬಿಟ್ಟಾಗ. ಅದಕ್ಕೇ ಎಲ್ಲರನ್ನೂ ಒಟ್ಟಿಗೆ ಬಿಡದೆ, ಲೆಕ್ಕ ಮುಗಿಸಿದವರನ್ನು ಇಬ್ಬಿಬ್ಬರಾಗಿ ಕಳಿಸುತ್ತೇನೆ. ಕೆಳಗಿನ ಮನೆಗೆ ಮಾತಿಗಿಂತ ಕುರ್ಚಿ ಎಳೆಯುವ ಸದ್ದೇ ಜಾಸ್ತಿ ಕೇಳಿಸುತ್ತದೆ, ಆದ್ದರಿಂದ ಕುರ್ಚಿಯೇ ಬೇಡ, ಚಾಪೆ ಹಾಸಿ ಕೂರಿಸುತ್ತೇನೆ. 104ರವರ ಜೊತೆ ಮಾತಾಡಿದ್ದೇನೆ, ಅವರದೇನೂ ಅಭ್ಯಂತರವಿಲ್ಲ. 203ರವರಿಗೆ ಸಂಜೆ ಆಫೀಸಿನ ಕಾಲ್ ಇರುತ್ತದಂತೆ. ನಮ್ಮಿಬ್ಬರ ನಡುವೆ ಇರುವುದು ಹಾಲಿನ ಗೋಡೆಯೇ. ಒಂದು ವಾರ ನೋಡಿ ಹೇಳುತ್ತೇನೆ ಅಂದಿದ್ದಾರೆ. ತೊಂದರೆಯಾದರೆ ಕ್ಲಾಸನ್ನು ಹಾಲಿನಿಂದ ಆಚೆ ಕಡೆಯ ರೂಮಿಗೆ ಬದಲಾಯಿಸುತ್ತೇನೆ.

ಲಿಫ್ಟಿನ ಬಗ್ಗೆ ಚಿಂತೆ ಬೇಡ. ಎರಡನೇ ಮಹಡಿ ತಾನೇ, ಕ್ಲಾಸಿಗೆ ಬರುವ ಮಕ್ಕಳು ಮೆಟ್ಟಿಲಲ್ಲೇ ಹತ್ತಿ ಇಳಿಯುತ್ತಾರೆ, ಹತ್ತಲು ಕಷ್ಟ ಇರುವ ಮಗು ಬಂದರೆ ಆ ಮಾತು ಬೇರೆ. ಚಪ್ಪಲಿಗಳನ್ನು ಕಾರಿಡಾರಿನಲ್ಲಿ ಹರಡದೆ ಮನೆಯೊಳಗೆ ಇಡಿಸುತ್ತೇನೆ.

ಹೊರಗಿನಿಂದ ಬರುವ ಇಬ್ಬರು ಮಕ್ಕಳ ಹೆಸರು ಮತ್ತು ಅಪ್ಪ ಅಮ್ಮನ ಫೋನ್ ನಂಬರನ್ನು ಸೆಕ್ಯುರಿಟಿ ಹತ್ತಿರ ಕೊಟ್ಟಿರುತ್ತೇನೆ. ಪ್ರತಿದಿನ ರಿಜಿಸ್ಟರಿನಲ್ಲಿ ಎಂಟ್ರಿ ಆಗಲಿ, ಅದರಲ್ಲಿ ವಿನಾಯಿತಿ ಕೇಳುವುದಿಲ್ಲ. ಕರೆದುಕೊಂಡು ಹೋಗಲು ಬರುವವರು ಗೇಟಿನ ಹತ್ತಿರವೇ ಕಾಯಬೇಕು, ಗಾಡಿ ಒಳಗೆ ತರಬಾರದು ಅಂತ ಈಗಲೇ ಹೇಳಿಬಿಟ್ಟಿದ್ದೇನೆ. ಆ ಮಕ್ಕಳನ್ನು ಗೇಟಿನವರೆಗೆ ನಾನೇ ಬಿಟ್ಟು ಬರುತ್ತೇನೆ. ಕ್ಲಾಸ್ ಮುಗಿದ ಮೇಲೆ ಆಟದ ಜಾಗದಲ್ಲಿ ಅವರು ಉಳಿಯುವುದಿಲ್ಲ.

'ಇವರಿಗೆ ಕೊಟ್ಟರೆ ನಾಳೆ ಇನ್ನೊಬ್ಬರು ಬಂದು ಇನ್ನೇನೋ ಕೇಳುತ್ತಾರೆ' ಅನ್ನುವ ಮಾತು ಮೀಟಿಂಗಿನಲ್ಲಿ ಬಂದೇ ಬರುತ್ತದೆ. ಬರಲಿ, ನ್ಯಾಯವಾದ ಮಾತೇ. ಹಾಗಿದ್ದರೆ ಎಷ್ಟು ಜನ, ಎಷ್ಟು ಹೊತ್ತು, ಹೊರಗಿನವರು ಎಷ್ಟು ಅಂತ ಒಂದು ಮಿತಿ ಬರೆದಿಡಿ, ಯಾರು ಕೇಳಿದರೂ ಅದೇ ಮಿತಿ ಇರಲಿ. ನನಗೂ ಅದು ಅನ್ವಯಿಸಲಿ.

ಮೊದಲು ಮೂರು ತಿಂಗಳಿಗೆ ಮಾತ್ರ ಅನುಮತಿ ಕೊಟ್ಟು ನೋಡಿ ಅಂತ ನನ್ನ ಕೋರಿಕೆ. ಅಷ್ಟರಲ್ಲಿ ದೂರು ಬಂದರೆ ದಯವಿಟ್ಟು ಗ್ರೂಪಿನಲ್ಲಿ ಚರ್ಚೆ ಶುರುವಾಗುವ ಮೊದಲು ನನಗೆ ತಿಳಿಸಿ, ಸರಿ ಮಾಡಿಕೊಳ್ಳುತ್ತೇನೆ. ಆಮೇಲೂ ಸರಿಹೋಗದಿದ್ದರೆ 15 ದಿನದ ನೋಟಿಸ್ ಕೊಡಿ, ಮಕ್ಕಳಿಗೆ ಬೇರೆ ವ್ಯವಸ್ಥೆ ಆಗುವಷ್ಟು ಸಮಯ ಸಿಕ್ಕರೆ ಸಾಕು, ನಿಲ್ಲಿಸುತ್ತೇನೆ.

ಈ ಭಾನುವಾರದ ಮೀಟಿಂಗಿನಲ್ಲಿ ವಿಷಯ ತೆಗೆದುಕೊಂಡರೆ ನಾನೇ ಬಂದು ಪ್ರಶ್ನೆಗಳಿಗೆ ಉತ್ತರ ಕೊಡುತ್ತೇನೆ. ಒಪ್ಪಿದರೂ ಒಪ್ಪದಿದ್ದರೂ ಉತ್ತರವನ್ನು ಬರಹದಲ್ಲಿ ಕೊಡಿ, ಮುಂದಿನ ವರ್ಷ ಕಮಿಟಿ ಬದಲಾದಾಗ ಗೊಂದಲ ಆಗುವುದಿಲ್ಲ.

ಇಂತಿ,
ಬಿ ಬ್ಲಾಕ್ 204ರ ನಿವಾಸಿ

ಜೊತೆಗೆ: ಮನೆ ಮಾಲೀಕರ ಒಪ್ಪಿಗೆ ಪತ್ರದ ಪ್ರತಿ