ನಕಲಿಯೆಂದು ಶಂಕೆಯಿರುವ ಮೈಸೂರು ರೇಷ್ಮೆ ಸೀರೆ: ಹಣ ಮರುಪಾವತಿ ಕೋರಿ ದೂರು ಪತ್ರ

ದಿನಾಂಕ: 18 ನವೆಂಬರ್ 2025
ಸ್ಥಳ: ಬಳ್ಳಾರಿ

ಇಂದ,
ಸುಜಾತಾ ಎಂ.,
ಗಾಂಧಿನಗರ, ಬಳ್ಳಾರಿ

ಗೆ,
ಕುಂದುಕೊರತೆ ನಿವಾರಣಾ ಅಧಿಕಾರಿಯವರು,
ಗ್ರಾಹಕ ವಿಭಾಗ, ಬೆಂಗಳೂರು ಕಚೇರಿ

ವಿಷಯ: ಆರ್ಡರ್ ಸಂಖ್ಯೆ 407-2291836 ರಲ್ಲಿ ಬಂದ ಸೀರೆ ಕೆಎಸ್‌ಐಸಿ ತಯಾರಿಕೆಯದಲ್ಲ ಎಂಬ ಬಗ್ಗೆ ಛಾಯಾಚಿತ್ರಗಳ ಸಹಿತ ಆಕ್ಷೇಪಣೆ ಮತ್ತು ₹24,900 ಮರುಪಾವತಿಗೆ ಕೋರಿಕೆ.

ಉಲ್ಲೇಖ: ನನ್ನ ವಾಪಸಾತಿ ಕೋರಿಕೆ, ದಿನಾಂಕ 12 ನವೆಂಬರ್ 2025, ಅದನ್ನು ತಿರಸ್ಕರಿಸಿದ ನಿಮ್ಮ ಇಮೇಲ್, ದಿನಾಂಕ 15 ನವೆಂಬರ್ 2025.

ಮಾನ್ಯರೇ,

ನಿಮ್ಮ ಜಾಲತಾಣದಲ್ಲಿ ‘ಖಾತ್ರಿಪಡಿಸಿದ ಮಾರಾಟಗಾರ’ ಎಂಬ ಗುರುತು ಹೊತ್ತ ಅಂಗಡಿಯೊಂದರಿಂದ ನವೆಂಬರ್ 6 ರಂದು ನಾನು ಒಂದು ಸೀರೆಗೆ ಆರ್ಡರ್ ಮಾಡಿ, ಕ್ರೆಡಿಟ್ ಕಾರ್ಡಿನ ಮೂಲಕ ₹24,900 ಪೂರ್ತಿಯಾಗಿ ಪಾವತಿಸಿದೆ. ಮಾರಾಟದ ಪುಟದಲ್ಲಿ ಅದನ್ನು ‘ಕೆಎಸ್‌ಐಸಿ ಮೈಸೂರು ಸಿಲ್ಕ್, ಕ್ರೇಪ್, ಶುದ್ಧ ರೇಷ್ಮೆ, ಶೇ 65 ಬೆಳ್ಳಿ ಮತ್ತು ಶೇ 0.65 ಚಿನ್ನವಿರುವ ಅಸಲಿ ಜರಿ, ತೂಕ 480 ಗ್ರಾಂ’ ಎಂದು ವರ್ಣಿಸಲಾಗಿತ್ತು. ನವೆಂಬರ್ 11 ರಂದು ಕೈಸೇರಿದ ಸೀರೆ ಈ ವರ್ಣನೆಯ ಯಾವ ಅಂಶಕ್ಕೂ ಹೊಂದುವುದಿಲ್ಲ. ಮರುದಿನವೇ ಸಲ್ಲಿಸಿದ ವಾಪಸಾತಿ ಕೋರಿಕೆಯನ್ನು ನಿಮ್ಮ ಗ್ರಾಹಕ ಸೇವಾ ವಿಭಾಗವು ‘ಕೈಮಗ್ಗದ ಬಟ್ಟೆಯಲ್ಲಿ ಬಣ್ಣ ಮತ್ತು ನೇಯ್ಗೆಯ ಸಣ್ಣ ವ್ಯತ್ಯಾಸ ಸಹಜ; ರೇಷ್ಮೆ ಸೀರೆಗಳಿಗೆ ವಾಪಸಾತಿ ಸೌಲಭ್ಯವಿಲ್ಲ’ ಎಂಬ ಎರಡು ಸಾಲಿನ ಉತ್ತರದಿಂದ ಮುಗಿಸಿದೆ. ಆ ತೀರ್ಮಾನವನ್ನು ನಾನು ಒಪ್ಪುವುದಿಲ್ಲವಾದ್ದರಿಂದ ಈ ಪತ್ರ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಿರಲಿ. ಬಣ್ಣ ಹಿಡಿಸಲಿಲ್ಲವೆಂದೋ ಅಂಚು ನಾನೆಣಿಸಿದಷ್ಟು ಅಗಲವಿಲ್ಲವೆಂದೋ ನಾನು ಸೀರೆ ಹಿಂತಿರುಗಿಸುತ್ತಿಲ್ಲ. ಒಂದು ಸಂಸ್ಥೆಯ ಹೆಸರು ಹೇಳಿ ಬೇರೆಯದನ್ನು ಮಾರಲಾಗಿದೆ ಎಂಬುದು ನನ್ನ ದೂರು. ಇನ್ನು ಕೈಮಗ್ಗದ ವ್ಯತ್ಯಾಸದ ಮಾತಿಗೆ ಬಂದರೆ, ಕೆಎಸ್‌ಐಸಿ, ಅಂದರೆ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ, ತನ್ನ ಸೀರೆಗಳನ್ನು ಮೈಸೂರಿನ ಕಾರ್ಖಾನೆಯಲ್ಲಿ ವಿದ್ಯುತ್ ಮಗ್ಗಗಳಲ್ಲಿ ನೇಯಿಸುತ್ತದೆ. ಟಿ. ನರಸೀಪುರದ ಘಟಕದಲ್ಲಿ ನೂಲು ತೆಗೆಯುವುದರಿಂದ ಹಿಡಿದು ಸೀರೆ ಮಡಿಚಿ ಪೆಟ್ಟಿಗೆಗೆ ಸೇರುವವರೆಗೆ ಕೆಲಸ ನಿಗಮದ ಕೈಯಲ್ಲೇ ಇರುತ್ತದೆ. 1912 ರಲ್ಲಿ ಆರಂಭವಾದ ಆ ಕಾರ್ಖಾನೆಯ ಬಟ್ಟೆಗೆ ಕೈಮಗ್ಗದ ನೆಪ ಅನ್ವಯಿಸುವುದಿಲ್ಲ. ನನ್ನ ದೂರನ್ನು ತಿರಸ್ಕರಿಸಿದವರು ಲಗತ್ತಿಸಿದ ಚಿತ್ರಗಳನ್ನು ತೆರೆದು ನೋಡಿದ್ದರೇ ಎಂಬ ಅನುಮಾನ ನನಗೆ ಬಂದಿರುವುದು ಈ ಕಾರಣದಿಂದ.

ಇನ್ನು ಸಾಕ್ಷ್ಯದ ವಿಚಾರ. ಎಲ್ಲಕ್ಕಿಂತ ಮುಖ್ಯವಾದದ್ದು ಗುರುತಿನ ಸಂಖ್ಯೆ. ನಕಲು ತಡೆಯಲೆಂದೇ ಕೆಎಸ್‌ಐಸಿ ತನ್ನ ಪ್ರತಿಯೊಂದು ಸೀರೆಗೂ ಪ್ರತ್ಯೇಕ ಸಂಖ್ಯೆ ಕೊಟ್ಟು ಅದನ್ನು ಬಟ್ಟೆಯಲ್ಲಿ ದಾರದಿಂದಲೇ ಮೂಡಿಸುತ್ತದೆ. ಜೊತೆಗೆ ಹಾಲೋಗ್ರಾಮ್ ಇರುತ್ತದೆ. ನನಗೆ ಬಂದ ಸೀರೆಯ ಒಳ ಅಂಚಿನಲ್ಲಿ 4417 ಎಂದು ಕೊನೆಗೊಳ್ಳುವ ಸಂಖ್ಯೆಯೊಂದು ಇದೆಯಾದರೂ ಅದು ದಾರದ್ದಲ್ಲ, ಶಾಯಿಯ ಅಚ್ಚು. ಒದ್ದೆ ಬಿಳಿ ಬಟ್ಟೆಯಿಂದ ಮೆಲ್ಲಗೆ ಒತ್ತಿದಾಗ ಕಂದು ಬಣ್ಣ ಬಟ್ಟೆಗಿಳಿದು, ಕೊನೆಯ 7 ರ ಬಾಲ ಅರ್ಧಕ್ಕರ್ಧ ಮಾಸಿತು (ಚಿತ್ರ 3 ಮತ್ತು 4). ಅದೇ ಅಂಚನ್ನು ತಿರುಗಿಸಿ ಹಿಂಬದಿಯಿಂದ ತೆಗೆದ ಚಿತ್ರ 5 ರಲ್ಲಿ ಒಂದು ಹೊಲಿಗೆಯ ಎಳೆಯೂ ಕಾಣುವುದಿಲ್ಲ.

ಇದಕ್ಕಿಂತ ಬಲವಾದ ಸಾಕ್ಷ್ಯ ನಿಮ್ಮದೇ ಪುಟದಲ್ಲಿದೆ. ಮಾರಾಟಗಾರರು ಹಾಕಿರುವ ಮೂರನೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಹಾಲೋಗ್ರಾಮ್ ಚೀಟಿಯ ಸಂಖ್ಯೆ ಓದಲು ಸಿಗುತ್ತದೆ. ನನ್ನ ಪೆಟ್ಟಿಗೆಯೊಳಗಿನ ಚೀಟಿಯಲ್ಲಿರುವುದೂ ಅದೇ ಸಂಖ್ಯೆ. ಚಿತ್ರಕ್ಕೆ ಬಳಸಿದ ಸೀರೆಯನ್ನೇ ನನಗೆ ಕಳಿಸಿರಬಹುದು ಎಂದು ವಾದಿಸುವುದಾದರೆ, ಅದರಲ್ಲಿರುವುದು ಮಾವಿನೆಲೆ ಹಸಿರು ಸೀರೆ, ನನಗೆ ಬಂದಿರುವುದು ಕುಂಕುಮ ಕೆಂಪು. ಅಷ್ಟೇ ಅಲ್ಲ, ಅದೇ ಪುಟದ ವಿಮರ್ಶೆಗಳಲ್ಲಿ ಇನ್ನೊಬ್ಬ ಗ್ರಾಹಕರು ಹಾಕಿರುವ ನೇರಳೆ ಸೀರೆಯ ಚಿತ್ರದಲ್ಲೂ ಅದೇ ಸಂಖ್ಯೆಯ ಚೀಟಿ ಇದೆ. ಒಂದು ಸೀರೆಗೆ ಮಾತ್ರ ಸಲ್ಲಬೇಕಾದ ಸಂಖ್ಯೆ ಮೂರು ಬಣ್ಣದ ಮೂರು ಸೀರೆಗಳ ಮೇಲಿದ್ದರೆ ಅದಕ್ಕೆ ಸಹಜ ವ್ಯತ್ಯಾಸ ಎಂಬ ಹೆಸರು ಒಪ್ಪುವುದಿಲ್ಲ. ಈ ಮೂರನ್ನೂ ಒಟ್ಟಿಗೆ ಇಟ್ಟ ಸ್ಕ್ರೀನ್‌ಶಾಟ್ ಚಿತ್ರ 6 ರಲ್ಲಿದೆ. ಆ ಪುಟವನ್ನು ಮಾರಾಟಗಾರರು ಬದಲಿಸಬಹುದೆಂಬ ಮುನ್ನೆಚ್ಚರಿಕೆಯಿಂದ ದಿನಾಂಕ, ಸಮಯ ಮತ್ತು ವಿಳಾಸಪಟ್ಟಿ ಕಾಣುವಂತೆ ಪೂರ್ಣ ಪರದೆಯನ್ನು ಉಳಿಸಿಕೊಂಡಿದ್ದೇನೆ.

ಬಟ್ಟೆಯ ಬಗ್ಗೆ ಹೇಳುವುದಾದರೆ, 2019 ರಲ್ಲಿ ಮೈಸೂರಿನ ಕೆಎಸ್‌ಐಸಿ ಮಳಿಗೆಯಲ್ಲಿ ಕೊಂಡ ಕ್ರೇಪ್ ಸೀರೆಯೊಂದು ರಸೀದಿಯ ಸಮೇತ ನನ್ನ ಬಳಿ ಇರುವುದರಿಂದ ಎರಡನ್ನೂ ಒಂದೇ ಬೆಳಕಿನಲ್ಲಿ ಅಕ್ಕಪಕ್ಕ ಹಾಸಿ ಚಿತ್ರ ತೆಗೆದಿದ್ದೇನೆ (ಚಿತ್ರ 7). ಹುರಿ ಹೆಚ್ಚಿಸಿದ ನೂಲಿನಿಂದ ನೇಯ್ದ ಅಸಲಿ ಕ್ರೇಪಿನ ಒಡಲಿನಲ್ಲಿ ಸಣ್ಣ ರವೆಯಂಥ ಮೈ ಕಾಣುತ್ತದೆ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಸುಕ್ಕು ನಿಲ್ಲದೆ ಜಾರಿ ಇಳಿಯುತ್ತದೆ. ನೀವು ಕಳಿಸಿದ ಸೀರೆಯ ಮೈ ಕನ್ನಡಿಯಂತೆ ಸಪಾಟಾಗಿ ಹೊಳೆಯುತ್ತದೆ, ಹಿಡಿದಲ್ಲಿ ಮಡಿಕೆ ಹಾಗೆಯೇ ಉಳಿಯುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ರವಿಕೆ ಕಣ ಸೇರಿ ಅದರ ತೂಕ 355 ಗ್ರಾಂ ಬಂದಿದೆ (ಚಿತ್ರ 8). ಮನೆಯ ತಕ್ಕಡಿ ಒಂದೆರಡು ಗ್ರಾಂ ಆಚೀಚೆ ತೋರಿಸಬಹುದು, 125 ಗ್ರಾಂ ನುಂಗಲಾರದು.

ರವಿಕೆ ಕಣದ ಕತ್ತರಿಸಿದ ಅಂಚಿನಿಂದ ತಾನಾಗಿಯೇ ಬಿಟ್ಟಿದ್ದ ಎಳೆಗಳನ್ನು ಮಾತ್ರ ಬಳಸಿ ಸುಟ್ಟು ನೋಡಿದ್ದೇನೆ. ಸೀರೆಯನ್ನು ಎಲ್ಲಿಯೂ ಕತ್ತರಿಸಿಲ್ಲ, ಉಟ್ಟಿಲ್ಲ, ಫಾಲ್ ಹಚ್ಚಿಸಿಲ್ಲ. ರೇಷ್ಮೆಯ ಎಳೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಈ ಎಳೆ ಕರಗಿ ಮುದುಡಿ, ಆರಿದ ಮೇಲೆ ಉಗುರಿಗೂ ಒಡೆಯದ ಕಪ್ಪು ಮಣಿಯಾಯಿತು. ಜರಿಯ ಎಳೆಯನ್ನು ಉಗುರಿನಿಂದ ಉಜ್ಜಿದಾಗ ಹೊಂಬಣ್ಣ ಸಿಪ್ಪೆಯಂತೆ ಏಳುತ್ತದೆ, ಕೆಳಗೆ ಇರುವುದು ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ. ಅಸಲಿ ಜರಿಯಲ್ಲಿ ನೂಲಿನ ಸುತ್ತ ಲೋಹದ ತಂತಿ ಸುತ್ತಿರಬೇಕು. ಚಿತ್ರ 9 ರಲ್ಲಿ ಇವೆರಡನ್ನೂ ಹತ್ತಿರದಿಂದ ನೋಡಬಹುದು.

ಮನೆಯಲ್ಲಿ ಮಾಡಿದ ಪರೀಕ್ಷೆ ಪ್ರಯೋಗಾಲಯದ ವರದಿಗೆ ಸಮವಲ್ಲ ಎಂಬುದು ನನಗೂ ಗೊತ್ತು. ಅದಕ್ಕಾಗಿಯೇ ಈ ಪತ್ರದಲ್ಲಿ ‘ಶಂಕೆ’ ಎಂಬ ಪದವನ್ನು ಬಳಸಿದ್ದೇನೆ. ಆದರೆ ಪರೀಕ್ಷೆಗೆಂದು ನಾನೇ ಬಟ್ಟೆ ಕತ್ತರಿಸಿದರೆ ಹಾಳಾದ ಸರಕೆಂದು ನೀವು ಹಿಂದಕ್ಕೆ ಪಡೆಯಲು ನಿರಾಕರಿಸುವ ಸಂಭವವಿದೆ. ಆದ್ದರಿಂದ, ಚಿತ್ರಗಳು ಸಾಲವೆಂದು ನಿಮಗೆ ಅನ್ನಿಸಿದಲ್ಲಿ, ಇಬ್ಬರ ಸಮ್ಮತಿಯಿಂದ ಮೊಹರು ಮಾಡಿದ ಮಾದರಿಯನ್ನು ಬೆಂಗಳೂರಿನಲ್ಲಿರುವ ಕೇಂದ್ರ ರೇಷ್ಮೆ ಮಂಡಳಿಯ ಪರೀಕ್ಷೆಗೆ ಒಪ್ಪಿಸೋಣ. ಶುದ್ಧ ರೇಷ್ಮೆ ಎಂದು ವರದಿ ಬಂದರೆ ಅದರ ಖರ್ಚು ನನ್ನದು, ಅಲ್ಲವೆಂದಾದರೆ ನಿಮ್ಮದು. ಗುರುತಿನ ಸಂಖ್ಯೆಯ ಪ್ರಶ್ನೆಗೆ ಮಾತ್ರ ಯಾವ ಪ್ರಯೋಗಾಲಯವೂ ಬೇಕಿಲ್ಲ.

ವಾಪಸಾತಿ ಸೌಲಭ್ಯವಿಲ್ಲ ಎಂಬ ನಿಮ್ಮ ನಿಬಂಧನೆ ಈ ಪ್ರಕರಣಕ್ಕೆ ತಾಗುವುದಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ರ ಕಲಂ 2(43) ರ ಪ್ರಕಾರ, ಅಸಲಿಯೆಂದು ಸುಳ್ಳಾಗಿ ಹೇಳಿಕೊಂಡ ಸರಕೇ ನಕಲಿ ಸರಕು. ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020 ರ ನಿಯಮ 6 ರ ಪ್ರಕಾರ, ಸರಕು ನಕಲಿಯಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಅದರಲ್ಲಿ ಇಲ್ಲದಿದ್ದರೆ, ಅದನ್ನು ಹಿಂದಕ್ಕೆ ಪಡೆಯಲು ಅಥವಾ ಹಣ ಮರಳಿಸಲು ಮಾರಾಟಗಾರರು ನಿರಾಕರಿಸುವಂತಿಲ್ಲ. ‘ಮೈಸೂರು ಸಿಲ್ಕ್’ ನೋಂದಾಯಿತ ಭೌಗೋಳಿಕ ಸೂಚಕವೂ ಆಗಿರುವುದರಿಂದ ಆ ಹೆಸರನ್ನು ಯಾರು ಬೇಕಾದರೂ ಯಾವ ಬಟ್ಟೆಗೆ ಬೇಕಾದರೂ ಅಂಟಿಸುವಂತಿಲ್ಲ. ನೀವು ಬರಿಯ ವೇದಿಕೆ ಒದಗಿಸುವವರು ಎಂಬ ಉತ್ತರ ಬರಬಹುದೆಂದು ಊಹಿಸಿ ಇಷ್ಟು ಹೇಳುತ್ತೇನೆ: ಆ ಅಂಗಡಿಯ ಹೆಸರಿನ ಪಕ್ಕದಲ್ಲಿ ಖಾತ್ರಿಯ ಗುರುತು ಹಾಕಿದವರು ನೀವು, ಬೆಲೆಯೂ ಶಂಕಿಸುವಷ್ಟು ಅಗ್ಗವಾಗಿರಲಿಲ್ಲ, ಮತ್ತು ಈ ಪತ್ರ ತಲುಪಿದ ಮೇಲೆ ವಿಷಯ ನಿಮಗೆ ತಿಳಿದಿರಲಿಲ್ಲ ಎನ್ನಲು ಬರುವುದಿಲ್ಲ.

ಆದಕಾರಣ ₹24,900 ನ್ನು, ಯಾವುದೇ ಕಡಿತವಿಲ್ಲದೆ, ಪಾವತಿ ಮಾಡಿದ ಕಾರ್ಡಿಗೇ ಮರಳಿಸಬೇಕೆಂದು ಕೋರುತ್ತೇನೆ. ಬದಲಿ ಸೀರೆ ಬೇಡ. ಅಕ್ಕನ ಮಗಳ ಮದುವೆಗೆಂದು ತರಿಸಿದ್ದು ಇದು, ಆ ಕೆಲಸಕ್ಕೆ ಬೇರೆ ಸೀರೆ ಕೊಂಡಾಗಿದೆ. ನಿಮ್ಮ ವ್ಯಾಲೆಟ್ಟಿಗೆ ಜಮೆ ಮಾಡುವುದನ್ನೂ, ಕೂಪನ್ನುಗಳನ್ನೂ ನಾನು ಮರುಪಾವತಿ ಎಂದು ಪರಿಗಣಿಸುವುದಿಲ್ಲ. ಸೀರೆಯನ್ನು ಒಯ್ಯಲು ನಿಮ್ಮ ಖರ್ಚಿನಲ್ಲಿ ವ್ಯವಸ್ಥೆ ಮಾಡಿ, ಬಂದವರು ನನ್ನ ಎದುರಿನಲ್ಲೇ ಪೆಟ್ಟಿಗೆ ತೆರೆದು, ಸಂಖ್ಯೆ, ಬಣ್ಣ, ತೂಕ ಮತ್ತು ಸೀರೆಯ ಸ್ಥಿತಿಯನ್ನು ಬರೆದ ಸ್ವೀಕೃತಿ ಪತ್ರ ಕೊಡಬೇಕು. ಬೇರೆ ಸೀರೆ ವಾಪಸು ಬಂದಿದೆ ಎಂಬ ತಕರಾರು ಮುಂದೆ ಹುಟ್ಟಬಾರದೆಂಬುದೇ ಈ ಷರತ್ತಿಗೆ ಕಾರಣ. ಸ್ವೀಕೃತಿಯಿಲ್ಲದೆ ಕೊರಿಯರಿನವರ ಕೈಗೆ ಸೀರೆ ಕೊಡಲಾರೆ.

ಜೊತೆಗೆ, ಇ-ವಾಣಿಜ್ಯ ನಿಯಮಗಳ ನಿಯಮ 5 ರ ಅಡಿಯಲ್ಲಿ, ಖರೀದಿಯ ನಂತರ ಗ್ರಾಹಕರು ಲಿಖಿತವಾಗಿ ಕೇಳಿದಾಗ ಮಾರಾಟಗಾರರ ಮುಖ್ಯ ಕಚೇರಿ ಹಾಗೂ ಶಾಖೆಗಳ ವಿಳಾಸ, ಜಾಲತಾಣ, ಇಮೇಲ್ ಮುಂತಾದ ವಿವರಗಳನ್ನು ನೀವು ಒದಗಿಸಬೇಕಾಗುತ್ತದೆ. ಈ ಪತ್ರವನ್ನೇ ಆ ಲಿಖಿತ ಕೋರಿಕೆಯೆಂದು ಪರಿಗಣಿಸಿ. ನನಗೆ ಬಂದ ಬಿಲ್ಲಿನಲ್ಲಿ ಅಂಗಡಿಯ ಹೆಸರಿದೆಯೇ ಹೊರತು ವಿಳಾಸದ ಜಾಗ ಖಾಲಿ ಇದೆ (ಚಿತ್ರ 2). ತನಿಖೆ ಮುಗಿಯುವವರೆಗೆ ಆ ಮಾರಾಟದ ಪುಟವನ್ನು ತಡೆಹಿಡಿಯುವುದು ಉಚಿತ; ಇದನ್ನು ಬರೆಯುತ್ತಿರುವ ಹೊತ್ತಿನಲ್ಲೂ ಅದು ತೆರೆದೇ ಇದೆ, ದೀಪಾವಳಿ ಮುಗಿದರೂ ರಿಯಾಯಿತಿ ಮಾತ್ರ ನಡೆಯುತ್ತಲೇ ಇದೆ.

ನಿಯಮ 4 ರಂತೆ ದೂರಿನ ಸ್ವೀಕೃತಿಯನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ, ಎಂದರೆ 2025 ರ ಡಿಸೆಂಬರ್ 18 ರೊಳಗೆ, ಪರಿಹರಿಸಬೇಕಾದ ಹೊಣೆ ನಿಮ್ಮದು. ಅಷ್ಟರೊಳಗೆ ಇತ್ಯರ್ಥವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ರಲ್ಲಿ ದೂರು ದಾಖಲಿಸಿ, ನಾನು ವಾಸವಿರುವ ಜಿಲ್ಲೆಯಲ್ಲೇ ದಾವೆ ಹೂಡಲು ಕಾಯ್ದೆಯಲ್ಲಿರುವ ಅವಕಾಶದಂತೆ ಬಳ್ಳಾರಿ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ಹೋಗುತ್ತೇನೆ. ಅಲ್ಲಿ ಮಾದರಿಯನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಲು ಆಯೋಗಕ್ಕೇ ಅಧಿಕಾರವಿದೆ. ಕಾರ್ಡ್ ನೀಡಿದ ಬ್ಯಾಂಕಿಗೆ ಈ ಪಾವತಿಯ ಬಗ್ಗೆ ತಕರಾರು ಸಲ್ಲಿಸುವ ಹಕ್ಕನ್ನೂ ಕಾಯ್ದಿರಿಸಿಕೊಂಡಿದ್ದೇನೆ.

ಸೀರೆ ಬಂದ ಪೆಟ್ಟಿಗೆ, ಹೊರ ಪೊಟ್ಟಣ ಮತ್ತು ಕೊರಿಯರ್ ಚೀಟಿಯ ಸಮೇತ ನನ್ನ ಬಳಿ ಭದ್ರವಾಗಿದೆ. ಸಂಜೆ 5 ರ ನಂತರ, ಭಾನುವಾರವಾದರೆ ಇಡೀ ದಿನ, ನನ್ನ ಖಾತೆಯಲ್ಲಿ ನೋಂದಾಯಿಸಿರುವ ದೂರವಾಣಿಗೆ ಕರೆ ಮಾಡಬಹುದು. ಆದರೆ ತೀರ್ಮಾನವನ್ನು ದಯವಿಟ್ಟು ಲಿಖಿತವಾಗಿಯೇ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,

ಸುಜಾತಾ ಎಂ.

ಲಗತ್ತುಗಳು: ಚಿತ್ರ 1, ಕೊರಿಯರ್ ಚೀಟಿ ಸಹಿತ ತೆರೆಯದ ಪೊಟ್ಟಣ, ಚಿತ್ರ 2, ಬಿಲ್, ಚಿತ್ರ 3 ರಿಂದ 5, ಅಂಚಿನ ಸಂಖ್ಯೆ, ಶಾಯಿ ಇಳಿದ ಬಟ್ಟೆ ಮತ್ತು ಅಂಚಿನ ಹಿಂಬದಿ, ಚಿತ್ರ 6, ಒಂದೇ ಸಂಖ್ಯೆಯ ಮೂರು ಚೀಟಿಗಳು, ಚಿತ್ರ 7, 2019 ರ ಸೀರೆಯೊಂದಿಗೆ ಹೋಲಿಕೆ, ಅದರ ರಸೀದಿ, ಚಿತ್ರ 8, ತೂಕ, ಚಿತ್ರ 9, ಸುಟ್ಟ ಎಳೆ ಮತ್ತು ಜರಿ. ಮಾರಾಟದ ಪುಟದ ಪೂರ್ಣ ಸ್ಕ್ರೀನ್‌ಶಾಟ್‌ಗಳು ಮತ್ತು ನಿಮ್ಮ ನವೆಂಬರ್ 15 ರ ಇಮೇಲಿನ ಪ್ರತಿ ಪ್ರತ್ಯೇಕ ಕಡತದಲ್ಲಿವೆ. ಚಿತ್ರಗಳನ್ನು ತಿದ್ದಿಲ್ಲ, ಮೂಲ ಕಡತಗಳನ್ನು ಕೇಳಿದಲ್ಲಿ ಒದಗಿಸುತ್ತೇನೆ.