ಕೋಡಿಂಗ್ ಕ್ಲಬ್ ಶುರು ಮಾಡಲು ಅನುಮತಿ ಕೋರಿ

ದಿನಾಂಕ: 11-08-2025

ಇವರಿಗೆ,
ಪ್ರಾಂಶುಪಾಲರು,
ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಶಿರಸಿ

ಮಾನ್ಯರೇ,

ನಾನು ಎರಡನೇ ವರ್ಷದ ಬಿ.ಕಾಂ. ವಿದ್ಯಾರ್ಥಿನಿ. ಪ್ರೋಗ್ರಾಮಿಂಗ್ ಗೊತ್ತೇ ಇಲ್ಲದವರಿಗಾಗಿ ಕಾಲೇಜಿನಲ್ಲಿ ಒಂದು ಕೋಡಿಂಗ್ ಕ್ಲಬ್ ಶುರು ಮಾಡಲು ತಮ್ಮ ಅನುಮತಿ ಕೇಳುತ್ತಿದ್ದೇನೆ.

ಬಿ.ಸಿ.ಎ. ಗೆಳೆಯರಿಗೆ ಇದು ಪಾಠದಲ್ಲೇ ಇದೆ. ನಮ್ಮಂಥ ಕಾಮರ್ಸ್, ಆರ್ಟ್ಸ್‌ನವರಿಗೆ ಆಸೆ ಇದ್ದರೂ ಎಲ್ಲಿಂದ ಶುರು ಮಾಡುವುದೆಂದು ತಿಳಿಯುವುದಿಲ್ಲ. ಹಾಗಾಗಿ ಪೈಥಾನ್ ಭಾಷೆ ಆರಿಸಿಕೊಂಡಿದ್ದೇವೆ. ಅದು ಉಚಿತ. ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಮಳೆಗಾಲದಲ್ಲಿ ನಮ್ಮೂರಿನ ನೆಟ್‌ವರ್ಕ್ ಹೇಗಿರುತ್ತದೆಂದು ತಮಗೂ ಗೊತ್ತು ಅಲ್ವಾ! ಮೊದಲ ದಿನ ಎಲ್ಲರಿಗೂ ಬೇಕಾದ ಲೆಕ್ಕವನ್ನೇ ಮಾಡಿಸುತ್ತೇವೆ. 72 ತರಗತಿಗಳಲ್ಲಿ 54ಕ್ಕೆ ಬಂದವರ ಹಾಜರಿ ಎಷ್ಟು?

```
hajari = 54 / 72 * 100
print(hajari)
```

ಪರದೆಯ ಮೇಲೆ `75.0` ಬರುತ್ತದೆ. ಆಮೇಲೆ ಅಂಕಿ ಬದಲಿಸಿ ತಮ್ಮ ತಮ್ಮ ಹಾಜರಿ ನೋಡಿಕೊಳ್ಳಬಹುದು (ಕೆಲವರಿಗೆ ಗಾಬರಿಯೂ ಆಗಬಹುದು).

ಶನಿವಾರ ತರಗತಿ ಮುಗಿದ ಮೇಲೆ, ಮಧ್ಯಾಹ್ನ 2ರಿಂದ 3.30ರವರೆಗೆ ಕಂಪ್ಯೂಟರ್ ಲ್ಯಾಬ್ ಬಳಸಲು ಬಿಟ್ಟರೆ ಸಾಕು. ಹಳ್ಳಿಗಳಿಂದ ಬರುವವರಿಗೆ ಸಂಜೆಯ ಬಸ್ಸೂ ತಪ್ಪುವುದಿಲ್ಲ. ಬಿ.ಸಿ.ಎ. ಮೂರನೇ ವರ್ಷದ ಇಬ್ಬರು ಕಲಿಸಲು ಒಪ್ಪಿದ್ದಾರೆ. ಕಂಪ್ಯೂಟರ್ ವಿಭಾಗದ ಮೇಡಂ ಜೊತೆಗಿರುವುದಾಗಿ ಹೇಳಿದ್ದಾರೆ. ಲ್ಯಾಬ್‌ನಲ್ಲಿ 20 ಕಂಪ್ಯೂಟರ್‌ಗಳಿವೆ. ಸದ್ಯಕ್ಕೆ 20 ಜನರನ್ನಷ್ಟೇ ಸೇರಿಸಿಕೊಳ್ಳುತ್ತೇವೆ. ಶುಲ್ಕ ಇಲ್ಲ, ಕಾಲೇಜಿನಿಂದ ಹಣವೂ ಬೇಡ. ಬೀಗದ ಕೈ ಮೇಡಂ ಹತ್ತಿರವೇ ಇರುತ್ತದೆ.

ಪರೀಕ್ಷೆ ಹತ್ತಿರವಾದಾಗ ಕ್ಲಬ್ ನಿಲ್ಲಿಸುತ್ತೇವೆ. ತಾವು ಒಪ್ಪಿದರೆ ಈ ತಿಂಗಳ 23ರ ಶನಿವಾರವೇ ಶುರು ಮಾಡುವ ಯೋಚನೆ ಇದೆ. ಆಸಕ್ತರ ಸಹಿ ಇರುವ ಪಟ್ಟಿ ಲಗತ್ತಿಸಿದ್ದೇನೆ.

ತಮ್ಮ ವಿಧೇಯ ವಿದ್ಯಾರ್ಥಿನಿ,
ಸಹನಾ
ದ್ವಿತೀಯ ಬಿ.ಕಾಂ.