ಎಸ್ ಅಂದ್ರೆ ಸಹಿ

ಅಪ್ಪ 31 ವರ್ಷ ಗುಮಾಸ್ತರಾಗಿದ್ದವರು. ಟೈಪ್‌ರೈಟರ್ ಮುಂದೆ ಕೂತರೆ ಕೀಲಿಗಳನ್ನು ನೋಡುತ್ತಲೇ ಇರಲಿಲ್ಲ. ಆದರೆ ನಿವೃತ್ತಿಗೆ ಎರಡು ವರ್ಷ ಇರುವಾಗ ಆಫೀಸಿಗೆ ಕಂಪ್ಯೂಟರ್ ಬಂತು, ಇವರು ಏನೋ ಒತ್ತಿದರು, ಅರ್ಧ ದಿನ ಕೂತು ಮಾಡಿದ ಪಟ್ಟಿ ಮಾಯವಾಯ್ತು, ಮೇಲಿನವರು ಎಲ್ಲರ ಎದುರು ಬೈದರು. ಅಲ್ಲಿಗೆ ಮುಗಿಯಿತು. ಕಾಸರಗೋಡು ಜಿಲ್ಲೆಯ ನೀರ್ಚಾಲಿನ ನಮ್ಮ ಮನೆಗೆ ಕಂಪ್ಯೂಟರ್ ಬಂದ ಮೇಲೂ ಅಪ್ಪ ಅದರ ಹತ್ತಿರ ಸುಳಿಯಲಿಲ್ಲ.

ಕಳೆದ ಮಳೆಗಾಲದಲ್ಲಿ ಒಂದು ದಿನ ಶಾಲೆಗೆ ಮಳೆ ರಜೆ. ಎಂಟನೇ ಕ್ಲಾಸಿನ ಮಗಳಿಗೆ ಬೇಜಾರು ಹಿಡಿದು ಅಜ್ಜನನ್ನು ಎಳೆದು ಕೂರಿಸಿದಳು.

"ಏನಾದರೂ ಬರೆಯಿರಿ ಅಜ್ಜ."

ಅಜ್ಜ ಒಂದೊಂದೇ ಅಕ್ಷರ ಹುಡುಕಿ ಮೂರು ಸಾಲು ಬರೆದರು, ಅಭ್ಯಾಸಬಲ, ಅದೂ ರಜಾ ಅರ್ಜಿ. ಇವಳು ಸುಮ್ನೆ Ctrl + A ಒತ್ತಿ Delete ಕೊಟ್ಟಳು. ಎಲ್ಲ ಹೋಯ್ತು. ಅಜ್ಜನ ಮುಖ ಬಿಳುಚಿತು.

"ಈಗ Ctrl + Z ಒತ್ತಿ."

ಮೂರೂ ಸಾಲು ಹಾಗೇ ಎದ್ದು ಬಂದವು. ಅಪ್ಪ ಏನೂ ಮಾತಾಡಲಿಲ್ಲ. ಮತ್ತೆ ಅಳಿಸಿದರು, ಮತ್ತೆ ತಂದರು. ಹೀಗೆ ಏಳೆಂಟು ಸಲ. ನಾಲ್ಕು ಪ್ರತಿಗೆ ಕಾರ್ಬನ್ ಇಟ್ಟು ಟೈಪ್ ಮಾಡುವಾಗ ಕೊನೆಯ ಸಾಲಲ್ಲಿ ಒಂದಕ್ಷರ ತಪ್ಪಿದರೆ ನಾಲ್ಕೂ ಹಾಳೆ ಉಜ್ಜಬೇಕಿತ್ತಲ್ವಾ, ಅಂಥವರಿಗೆ ಇದು ಎಂಥ ಸಂಗತಿ ಅಂತ ನನಗೆ ಆಗಲೇ ಹೊಳೆದದ್ದು. "ಇದನ್ನು ಆವತ್ತು ಯಾರೂ ಹೇಳಲೇ ಇಲ್ಲ" ಅಂದರು ಕೊನೆಗೆ.

ಆಮೇಲೆ ಹಳೇ ಕ್ಯಾಲೆಂಡರಿನ ಹಿಂದೆ ಅಪ್ಪನದೇ ಒಂದು ರಿಜಿಸ್ಟರ್ ಶುರುವಾಯ್ತು. Ctrl + C ಕಾರ್ಬನ್. Ctrl + X ಕತ್ತರಿ. Ctrl + V ಅಂಟು. Ctrl + S ಎದುರು 'ಸಹಿ' ಅಂತ ಬರೆದಿದ್ದರು.

"ಅದು ಸೇವ್ ಅಜ್ಜ, ಸಹಿ ಅಲ್ಲ."

"ಎಲ್ಲ ಒಂದೇ. ಸಹಿ ಇಲ್ಲದ ಕಾಗದಕ್ಕೆ ಬೆಲೆ ಉಂಟಾ?"

ಈಗ ಪಕ್ಕದ ಮನೆಯವರು ಮಲಯಾಳದಲ್ಲಿ ಬಂದ ನೋಟಿಸು ಹಿಡಿದು ಬಂದರೆ, ಅಪ್ಪ ಓದಿ ಅರ್ಥ ಹೇಳಿ, ಉತ್ತರವನ್ನು ಕನ್ನಡದಲ್ಲೇ ಕೊಡಿ ಅಂತ ಅರ್ಜಿ ಬರೆದು ಕೊಡುತ್ತಾರೆ. ಕನ್ನಡದಿಂದ ಇಂಗ್ಲಿಷಿಗೆ ಹೋಗಲು Windows + Space ಒತ್ತುವ ಗತ್ತು ನೋಡಬೇಕು! ಮೌಸ್ ಮುಟ್ಟುವುದಿಲ್ಲ, ಅದು ಗೊತ್ತಿಲ್ಲದವರಿಗಂತೆ.

ಮೊನ್ನೆ ಸಂಜೆ ಗುಡುಗು ಜೋರಾಗಿತ್ತು. ಮಗಳು ಶಾಲೆಯ ಪ್ರಬಂಧ ಟೈಪ್ ಮಾಡುತ್ತಿದ್ದಳು. ಎರಡು ಪುಟ ಆಗಿರಬೇಕು, ಕರೆಂಟ್ ಹೋಯ್ತು. "ಅಯ್ಯೋ!" ಅಂದಳು.

ಕತ್ತಲೆಯಲ್ಲಿ, ಜಗಲಿ ಕಡೆಯಿಂದ ಅಪ್ಪನ ಸ್ವರ:

"ಸಹಿ ಹಾಕಿದ್ದೀಯಾ ಪುಳ್ಳಿ?"